ಗೈಡ್ ಮೇಲ್‌ಗೆ ಉತ್ತರವೇ ಕೊಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಗೈಡ್ ಒಳ್ಳೆಯವರೇ, ಆದರೆ ಬಿಡುವೇ ಇಲ್ಲ. ಸಮೀಕ್ಷೆಯ ಡೇಟಾ ಕಳಿಸಿ ‘ಸರ್, ಒಮ್ಮೆ ನೋಡಿ ಹೇಳಿ’ ಅಂತ ಮೇಲ್ ಮಾಡಿ ಮೂರು ವಾರ ಆಯ್ತು. ಪದೇ ಪದೇ ಕೇಳಿದರೆ ಬೇಜಾರಾಗ್ತಾರೇನೋ ಅಂತ ಭಯ.

ಉತ್ತರ: ‘ನೋಡಿ ಹೇಳಿ’ ಅಂದರೆ ಅವರು ಫೈಲ್ ತೆರೆಯಬೇಕು, ತೊಂದರೆ ಎಲ್ಲಿದೆ ಅಂತ ತಾವೇ ಹುಡುಕಬೇಕು. ಅದು ಗಂಟೆಗಟ್ಟಲೆ ಕೆಲಸ. ಬಿಡುವಾದಾಗ ನೋಡೋಣ ಅಂತ ಬಿಟ್ಟ ಮೇಲ್ ಇನ್‌ಬಾಕ್ಸ್‌ನಲ್ಲಿ ಕೆಳಗೆ ಹೋಗುತ್ತದೆ. ಹಾಗಾಗಿ ಹುಡುಕುವ ಕೆಲಸ ನೀವು ಮಾಡಿ, ತೀರ್ಮಾನ ಮಾತ್ರ ಅವರಿಗೆ ಬಿಡಿ.

ನಿಮ್ಮ ಸಮೀಕ್ಷೆಯ 240 ಜನರಲ್ಲಿ 30 ಮಂದಿ ಆದಾಯದ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಆಗ ಹೀಗೆ ಬರೆಯಿರಿ: ‘ಸರ್, 30 ಮಂದಿ ಆದಾಯ ತಿಳಿಸಿಲ್ಲ. 1) ಅವರನ್ನು ಪೂರ್ತಿ ಕೈಬಿಡಬಹುದು. 2) ಆದಾಯ ಬೇಕಾದ ಲೆಕ್ಕದಲ್ಲಿ ಮಾತ್ರ ಬಿಡಬಹುದು. ಅವರ ಉಳಿದ ಉತ್ತರಗಳು ಪೂರ್ತಿಯಾಗಿವೆ, ಅದಕ್ಕೆ ನನಗೆ 2 ಸರಿ ಅನಿಸುತ್ತದೆ. ಶುಕ್ರವಾರದೊಳಗೆ ತಿಳಿಸಿದರೆ ಸಾಕು. ಅಲ್ಲಿಯವರೆಗೆ 2ರಂತೆ ಮುಂದುವರಿಸುತ್ತೇನೆ, ಮೂಲ ಫೈಲ್ ಹಾಗೇ ಇಟ್ಟಿದ್ದೇನೆ.’ ಇದಕ್ಕೆ ಅವರು ನಡೆಯುತ್ತಲೇ ಫೋನ್‌ನಲ್ಲಿ ‘2’ ಅಂತ ಒತ್ತಿ ಕಳಿಸಬಹುದು. ಕಳಿಸದಿದ್ದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ.

ಆದರೆ ‘ಮುಂದುವರಿಸುತ್ತೇನೆ’ ಎಂಬ ಮಾತು ಆಮೇಲೆ ಬದಲಿಸಬಹುದಾದ ಕೆಲಸಕ್ಕೆ ಮಾತ್ರ. ಸಮೀಕ್ಷೆ ನಡೆಯುತ್ತಿರುವಾಗ ಪ್ರಶ್ನೆ ಬದಲಿಸುವುದು, ಹಣ ಖರ್ಚು ಮಾಡುವುದು, ಲೇಖನವನ್ನು ಜರ್ನಲ್‌ಗೆ ಕಳಿಸುವುದು ಇಂಥವಕ್ಕೆ ಅವರು ಸ್ಪಷ್ಟವಾಗಿ ಹೂಂ ಅನ್ನುವವರೆಗೂ ಕಾಯಲೇಬೇಕು.

ಜತೆಗೆ ವಾರದ ಭೇಟಿಯೊಂದನ್ನು ಗೊತ್ತುಮಾಡಿಕೊಳ್ಳಿ. ಪದೇ ಪದೇ ನೆನಪಿಸುವ ಮುಜುಗರವೂ ಇದರಿಂದ ತಪ್ಪುತ್ತದೆ. ‘ಬಿಡುವಾದಾಗ ಸಿಗಿ’ ಎನ್ನಬೇಡಿ. ‘ಒಂದು ತಿಂಗಳು, ಪ್ರತಿ ಬುಧವಾರ ನಿಮ್ಮ ಕ್ಲಾಸ್ ಮುಗಿದ ಕೂಡಲೇ 20 ನಿಮಿಷ ಕೊಡ್ತೀರಾ ಸರ್?’ ಎಂದು ಕೇಳಿ. ಕ್ಲಾಸ್‌ಗೆ ಅವರು ಹೇಗೂ ಬಂದಿರುತ್ತಾರೆ, ಅಲ್ವಾ? ಒಂದೇ ತಿಂಗಳು ಅಂದಾಗ ಒಪ್ಪುವುದೂ ಸುಲಭ.

ಹಿಂದಿನ ದಿನವೇ ಅರ್ಧ ಪುಟ ಕಳಿಸಿ: ಏನಾಯಿತು, ಎಲ್ಲಿ ನಿಂತಿದೆ, ಏನು ಕೇಳಬೇಕು. ಮೂರು ಪ್ರಶ್ನೆಗಿಂತ ಜಾಸ್ತಿ ಬೇಡ. ಕೆಲಸ ಯಾವುದರಿಂದ ನಿಂತಿದೆಯೋ ಅದು ಮೊದಲಿರಲಿ, ಏಕೆಂದರೆ 20 ನಿಮಿಷದ ಭೇಟಿ ಎಷ್ಟೋ ಸಲ ಐದೇ ನಿಮಿಷಕ್ಕೆ ಮುಗಿಯುತ್ತದೆ. ಅದೇ ಸಂಜೆ, ಆದ ತೀರ್ಮಾನಗಳನ್ನು ಎರಡು ಮೂರು ಸಾಲಿನಲ್ಲಿ ಬರೆದು ‘ತಪ್ಪಿದ್ದರೆ ತಿಳಿಸಿ ಸರ್’ ಎಂದು ಕಳಿಸಿ. ಎರಡು ತಿಂಗಳ ನಂತರ ‘ಹೀಗ್ಯಾಕೆ ಮಾಡಿದ್ರಿ?’ ಎಂದು ಅವರೇ ಕೇಳಿದಾಗ ಈ ಸಾಲುಗಳು ಕೈಹಿಡಿಯುತ್ತವೆ.

ಭೇಟಿ ತಪ್ಪಿದರೆ ಮರುದಿನ ಐದು ನಿಮಿಷ ಫೋನ್‌ನಲ್ಲಿ ಮಾತು ಎಂದು ಮೊದಲೇ ಒಪ್ಪಿಸಿಕೊಳ್ಳಿ. ಸತತ ಮೂರು ವಾರ ಎರಡೂ ಆಗದಿದ್ದರೆ ತೊಂದರೆ ನಿಮ್ಮ ಪ್ರಶ್ನೆಯಲ್ಲಿಲ್ಲ. ‘ಡೇಟಾ ವಿಷಯಕ್ಕೆ ಕಮಿಟಿಯಲ್ಲಿ ಇನ್ನೊಬ್ಬರನ್ನು ಕೇಳಲೇ ಸರ್?’ ಎಂದು ಅವರನ್ನೇ ನೇರವಾಗಿ ಕೇಳಿ. ಅವರಿಗೆ ಹೇಳದೆ ಬೇರೆಯವರ ಹತ್ತಿರ ಹೋಗಬೇಡಿ.