ಕಾಫಿಪುಡಿ ಲೆಕ್ಕದ ಪುಸ್ತಕ

ನಿವೃತ್ತರಿಗೆ ದುಡ್ಡಿನ ಲೆಕ್ಕ ಹಾಕಿಕೊಡುವ ನನ್ನ ಹತ್ತಿರ ಈ ದಂಪತಿ ಬಂದಿದ್ದು ಪಿಂಚಣಿ ವಿಷಯಕ್ಕಲ್ಲ, ಜಗಳಕ್ಕೆ. 2025ರ ಅಕ್ಟೋಬರ್, ಶಿವಮೊಗ್ಗದಲ್ಲಿ ಮಳೆ ಇನ್ನೂ ಬಿಟ್ಟಿರಲಿಲ್ಲ. ಅವರಿಗೆ 69, ಆಕೆಗೆ 64. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ರಾಯರು ಅಂತಲೇ ಕರೆಯುತ್ತೇನೆ.

ಕೂತ ತಕ್ಷಣ ರಾಯರು ಶುರು ಮಾಡಿದರು. "ಇವಳ ಕೈ ದೊಡ್ಡದಾಗಿದೆ ಮೇಡಂ. ಮೊದಲು ಬರೋ ದುಡ್ಡಲ್ಲೇ ಮನೆ ನಡೀತಿತ್ತು, ಈಗ ಇಪ್ಪತ್ತನೇ ತಾರೀಖಿಗೇ ಖಾಲಿ. ಹೊಸನಗರದಲ್ಲಿ ನನ್ನ ತಂಗಿ ಒಬ್ಬಳೇ ಇದ್ದಾಳೆ, ಅವಳಿಗೂ ಪಿಂಚಣಿಯೇ, ಒಂದು ದಿನ ಸಾಲದು ಅಂದಿಲ್ಲ."

ಆಕೆ ಉತ್ತರ ಕೊಡಲಿಲ್ಲ. ಬ್ಯಾಗಿನಿಂದ ಎರಡು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಒಂದು 2014ರದ್ದು, ಒಂದು 2025ರದ್ದು. ದಿನಸಿ, ಹಾಲು, ಗ್ಯಾಸ್, ಔಷಧಿ ಎಲ್ಲ ಬರೆದಿಟ್ಟಿದ್ದರು. ನಾನು ಮೊದಲು ಒಟ್ಟು ಮೊತ್ತ ನೋಡಲಿಲ್ಲ, ಅಳತೆ ನೋಡಿದೆ. ಮನೆಯಲ್ಲಿ ದುಂದು ಆಗುತ್ತಿದೆಯೋ, ಬೆಲೆ ಏರಿದೆಯೋ ಅಂತ ತಿಳಿಯೋದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ದುಂದಾದರೆ ಕಿಲೋ ಜಾಸ್ತಿ ಆಗಿರುತ್ತದೆ. ಇಲ್ಲಿ ತಿಂಗಳಿಗೆ ಒಂದು ಕಿಲೋ ಇದ್ದ ಕಾಫಿಪುಡಿ ಮುಕ್ಕಾಲಾಗಿತ್ತು, ಅದರಲ್ಲೂ ಚಿಕೋರಿ ಪಾಲು ಹೆಚ್ಚಾಗಿತ್ತು. ಎಣ್ಣೆ ಕಮ್ಮಿಯಾಗಿತ್ತು. ಬಿಲ್ಲು ಮಾತ್ರ ಏರಿತ್ತು.

"ಕಾಫಿ ಯಾಕೋ ಮೊದಲಿನ ಹಾಗಿಲ್ಲ ಅಂತ ನಾನೇ ಎರಡು ವರ್ಷದಿಂದ ಹೇಳ್ತಿದ್ದೆ" ಅಂದರು ರಾಯರು, ಸ್ವಲ್ಪ ಹೊತ್ತು ಬಿಟ್ಟು.

ಈಗ ಆದಾಯದ ಕಡೆ ಬರೋಣ. ರಾಯರು 1996ರಿಂದ 18 ವರ್ಷ ಒಂದು ಖಾಸಗಿ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದರು. 2014ರ ಮಧ್ಯದಲ್ಲಿ 58 ತುಂಬಿತು, ಇಪಿಎಸ್ ಅಂದರೆ ಪಿಎಫ್ ಜೊತೆ ನೌಕರರಿಗೆ ಬರುವ ಪಿಂಚಣಿ ಶುರುವಾಯಿತು. ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದ ಸಂಬಳದ ಮಿತಿ 6,500 ರೂಪಾಯಿ. ಅದನ್ನು 18 ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ 1,671. ಜೊತೆಗೆ ಪಿಎಫ್ ದುಡ್ಡಲ್ಲಿ 12 ಲಕ್ಷ ಹಾಕಿ, ಬದುಕಿರುವ ತನಕ ತಿಂಗಳಿಗೆ 7,000 ಕೊಡುವ ವಿಮಾ ಪಿಂಚಣಿ ಕೊಂಡಿದ್ದರು. ಎರಡೂ ಸೇರಿ 8,671. ಅವತ್ತೂ ಅಷ್ಟೇ, ಇವತ್ತೂ ಅಷ್ಟೇ. ಬೆಲೆ ಏರಿದ ಹಾಗೆ ಏರುವ ತುಟ್ಟಿಭತ್ಯೆ ಇಪಿಎಸ್‌ಗೆ ಇಲ್ಲ. ವಿಮಾ ಪಿಂಚಣಿಯಲ್ಲೂ ಅವರು ಆರಿಸಿಕೊಂಡಿದ್ದು ಬದಲಾಗದ ಮೊತ್ತದ್ದು, ಏಕೆಂದರೆ ಶುರುವಿಗೆ ಅದರಲ್ಲೇ ಜಾಸ್ತಿ ಬರುತ್ತಿತ್ತು.

ಬೆಲೆ ವರ್ಷಕ್ಕೆ ಶೇಕಡಾ 5 ಏರಿತು ಅಂತ ಇಟ್ಟುಕೊಳ್ಳಿ. 100 ರೂಪಾಯಿ ಸಾಮಾನು 11 ವರ್ಷಕ್ಕೆ 171 ಆಗುತ್ತದೆ. ಹಾಗಾದರೆ ಇವತ್ತಿನ 8,671ಕ್ಕೆ ಬರುವುದು 2014ರಲ್ಲಿ ಸುಮಾರು 5,070ಕ್ಕೆ ಬರುತ್ತಿದ್ದ ಸಾಮಾನು. ಅದೇ ಬದುಕು ನಡೆಸಲು ಈಗ ಸುಮಾರು 14,830 ಬೇಕು. ಅಂದರೆ ತಿಂಗಳಿಗೆ ಆರು ಸಾವಿರದ ಮೇಲೆ ಕೊರತೆ. ಅದನ್ನು ಆಕೆ ಕಾಫಿಪುಡಿಯಲ್ಲಿ, ಎಣ್ಣೆಯಲ್ಲಿ, ತನ್ನ ಮಂಡಿನೋವಿನ ಮಾತ್ರೆಯಲ್ಲಿ ಉಳಿಸಿ ಮುಚ್ಚುತ್ತಿದ್ದರು.

ತಂಗಿಯ ಕಥೆ ಬೇರೆ. ಅವರು ಸರ್ಕಾರಿ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ಮೂಲ ಪಿಂಚಣಿ 30,000 ಅಂತ ಹಿಡಿಯಿರಿ. 2025ರ ಜನವರಿಯಿಂದ ರಾಜ್ಯದ ತುಟ್ಟಿಭತ್ಯೆ ಶೇ 12.25, ಅಂದರೆ 3,675. ಜುಲೈಯಿಂದ ಶೇ 14.25, ಅಂದರೆ 4,275. ಆರು ತಿಂಗಳಲ್ಲಿ 600 ರೂಪಾಯಿ ಏರಿತು, ಅವರು ಅರ್ಜಿ ಹಾಕಲಿಲ್ಲ, ಯಾರನ್ನೂ ಕೇಳಲಿಲ್ಲ. ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಏರಿದ ಹಾಗೆ ಕೇಂದ್ರ ವರ್ಷಕ್ಕೆ ಎರಡು ಸಲ ಭತ್ಯೆ ಏರಿಸುತ್ತದೆ, ಅದನ್ನು ನೋಡಿ ರಾಜ್ಯ ತನ್ನ ಲೆಕ್ಕದಲ್ಲಿ ಏರಿಸುತ್ತದೆ. ಇನ್ನೊಂದು, ಕಮ್ಯುಟೇಶನ್ ಮಾಡಿಸಿ, ಅಂದರೆ ಪಿಂಚಣಿಯ ಒಂದು ಪಾಲು ಬಿಟ್ಟುಕೊಟ್ಟು, ಒಂದಿಷ್ಟು ದುಡ್ಡು ಮುಂಚೆಯೇ ತೆಗೆದುಕೊಂಡಿದ್ದರೂ ಭತ್ಯೆ ಲೆಕ್ಕ ಹಾಕುವುದು ಪೂರ್ತಿ ಮೂಲ ಪಿಂಚಣಿಯ ಮೇಲೆ. ಬಹಳ ಜನಕ್ಕೆ ಇದು ಗೊತ್ತಿಲ್ಲ.

ತಂಗಿಗೂ ಎಲ್ಲ ಸುಖ ಅಂತಲ್ಲ. ಭತ್ಯೆ ಯಾವಾಗಲೂ ಬೆಲೆಯ ಹಿಂದೆ ಹೋಗುತ್ತದೆ, ಮುಂದೆ ಅಲ್ಲ. ಕೊರೋನಾ ಕಾಲದಲ್ಲಂತೂ 2020ರ ಜನವರಿಯಿಂದ 2021ರ ಜೂನ್ ತನಕ ಮೂರು ಕಂತು ತಡೆಹಿಡಿದರು. ಜುಲೈಯಲ್ಲಿ ದರ ಸರಿ ಹೋಯಿತು, ಆ ಹದಿನೆಂಟು ತಿಂಗಳ ಬಾಕಿ ಬರಲಿಲ್ಲ. ಆದರೂ ಅಣ್ಣ ತಂಗಿಯರನ್ನು ಪಕ್ಕಪಕ್ಕ ಇಟ್ಟು ಹೋಲಿಸೋದು ನ್ಯಾಯವಲ್ಲ, ಅಲ್ವಾ?

"ಹಾಗಾದ್ರೆ ಏರುವ ಪಿಂಚಣಿ ತಗೊಂಡಿದ್ರೆ ಸರಿ ಇರ್ತಿತ್ತಾ?" ಅಂತ ರಾಯರು ಕೇಳಿದರು. ಪೂರ್ತಿ ಅಲ್ಲ. ವರ್ಷಕ್ಕೆ ಶೇ 3 ಏರುವ ಪಾಲಿಸಿ ಇವೆ, ಆದರೆ ಅದು ಸರಳ ಏರಿಕೆ. ಮೊದಲ ಮೊತ್ತದ ಮೇಲೆ ಮಾತ್ರ. 100 ರೂಪಾಯಿ 11 ವರ್ಷಕ್ಕೆ 133 ಆಗುತ್ತದೆ, ಬೆಲೆ 171ರಲ್ಲಿರುತ್ತದೆ. ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ಹೇಗೂ ಹಳೆಯ ಪಾಲಿಸಿಯನ್ನು ಈಗ ಬದಲಿಸಲು ಬರುವುದಿಲ್ಲ.

ಕೈಯಲ್ಲಿದ್ದಿದ್ದು 9 ಲಕ್ಷ, ಬ್ಯಾಂಕಿನ ಠೇವಣಿಯಲ್ಲಿ, ಮುಟ್ಟಬಾರದು ಅಂತ ಇಟ್ಟಿದ್ದು. ಸ್ವಂತ ಮನೆ ಇದೆ, ಆಸ್ಪತ್ರೆ ಖರ್ಚು ಮಗ ನೋಡುತ್ತಾನೆ. ಠೇವಣಿ ಅವಧಿ ಮುಗಿದ ಮೇಲೆ ಅದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ ಅಂದೆ. ಆಗ ಅಲ್ಲಿ ಬಡ್ಡಿ ಶೇ 8.2, ವರ್ಷಕ್ಕೆ 73,800, ತಿಂಗಳಿಗೆ 6,150. ರಾಯರ ಮುಖ ಅರಳಿತು, ಕೊರತೆಯೂ ಹೆಚ್ಚುಕಮ್ಮಿ ಅಷ್ಟೇ ಅಲ್ಲವೇ!

ಅಲ್ಲೇ ತಡೆದೆ. ಬಡ್ಡಿ ಪೂರ್ತಿ ತಿಂದರೆ ಈ ವರ್ಷ ಸರಿ, ಮುಂದಿನ ವರ್ಷದಿಂದ ಅದೇ ಕಥೆ. 8,671 ಏರುವುದಿಲ್ಲ, ಹಾಗಾಗಿ ಇಡೀ ಮನೆ ಖರ್ಚಿನ ಏರಿಕೆಯನ್ನೆಲ್ಲ ಈ 9 ಲಕ್ಷವೇ ಹೊರಬೇಕು. ಪೂರ್ತಿ ಬಡ್ಡಿಯಿಂದ ಶುರು ಮಾಡಿ, ಖರ್ಚು ವರ್ಷಕ್ಕೆ ಶೇ 5 ಏರಿಸುತ್ತಾ ಹೋದರೆ, ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅಸಲು ಖಾಲಿಯಾಗುವ ಹೊತ್ತು. ಆಗ ಆಕೆಗೆ 76.

ನಾನು ಹೇಳಿದ್ದು ಇಷ್ಟು. ಮೊದಲ ವರ್ಷ ತಿಂಗಳಿಗೆ 4,000 ಮಾತ್ರ ತೆಗೆಯಿರಿ. ಒಟ್ಟು 12,671 ಆಗುತ್ತದೆ. ಉಳಿದ 2,150 ಆರ್‌ಡಿಗೆ ಹೋಗಲಿ. ಪ್ರತಿ ಅಕ್ಟೋಬರ್‌ನಲ್ಲಿ ಒಟ್ಟು ಖರ್ಚಿನ ಮೇಲೆ ಶೇ 5 ಸೇರಿಸಿ, ಅಂದರೆ ಇಲ್ಲಿಂದ ತೆಗೆಯುವುದು ಎರಡನೇ ವರ್ಷ ಸುಮಾರು 4,630, ಮೂರನೇ ವರ್ಷ 5,300. ನಿಮ್ಮ ಮನೆಗೆ ನೀವೇ ತುಟ್ಟಿಭತ್ಯೆ ಕೊಟ್ಟುಕೊಂಡ ಹಾಗೆ. ಬಡ್ಡಿ ಇದೇ ಮಟ್ಟದಲ್ಲಿದ್ದರೆ ಹದಿನಾಲ್ಕು ಹದಿನೈದು ವರ್ಷ ಎಳೆಯಬಹುದು. ಬಡ್ಡಿ ಇಳಿದರೆ ಕಮ್ಮಿ, ಐದು ವರ್ಷದ ಅವಧಿ ಮುಗಿದಾಗ ಮತ್ತೆ ಕೂತು ಲೆಕ್ಕ ಹಾಕಲೇಬೇಕು.

ಹೋಗುವ ಮುಂಚೆ ಇನ್ನೊಂದು ಕೇಳಿದೆ. ರಾಯರ ನಂತರ ಆಕೆಗೆ ಏನು ಬರುತ್ತದೆ? ಇಪಿಎಸ್‌ನಲ್ಲಿ ಹೆಂಡತಿಗೆ ಅರ್ಧ. 1,671ರ ಅರ್ಧ 835, ಆದರೆ ಕನಿಷ್ಠ ಮಿತಿ ಇರುವುದರಿಂದ 1,000. ವಿಮೆಯ 7,000 ನಿಲ್ಲುತ್ತದೆ, 12 ಲಕ್ಷ ನಾಮಿನಿಗೆ ವಾಪಸು ಬರುತ್ತದೆ. ನಾಮಿನಿ ಇವಳೇ ಅಂದರು ರಾಯರು, ಖಚಿತವಾಗಿ. ಮನೆಗೆ ಹೋಗಿ ಪಾಲಿಸಿ ತೆಗೆದು ನೋಡಿದರೆ ಅಲ್ಲಿದ್ದದ್ದು ಅವರ ತಾಯಿಯ ಹೆಸರು. ಆ ತಾಯಿ ತೀರಿಹೋಗಿ ಎಂಟು ವರ್ಷ. ಮರುದಿನವೇ ಇಬ್ಬರೂ ಹೋಗಿ ನಮೂನೆ ತುಂಬಿ ಬಂದರಂತೆ, ಸಹಿ ಹೊಂದಲಿಲ್ಲ ಅಂತ ಒಂದು ಸಲ ವಾಪಸ್ಸೂ ಬಂತಂತೆ.