ಮೇಲ್‌ಗಳನ್ನು ಸ್ನೂಜ್ ಮಾಡಿದರೂ ಬೆಳಿಗ್ಗೆ ಎಲ್ಲಾ ಒಟ್ಟಿಗೆ ವಾಪಸ್ ಬಂದು ಕೂರುತ್ತವೆ. ಇನ್ನೂ ಜೋರಾಗಿ ನೆನಪಿಸುವ ಆ್ಯಪ್ ಯಾವುದಾದರೂ ಇದೆಯಾ?

ನಾನೂ ಎರಡು ವರ್ಷ ಹೀಗೇ ಮಾಡಿದೆ. ಜಾಸ್ತಿ ಜೋರಾಗಿ ನೆನಪಿಸುವ ಆ್ಯಪ್ ಹುಡುಕಬೇಡಿ, ಅದು ನಿಮಗೆ ಬೇಕಾಗಿಲ್ಲ.

ನನ್ನ ಹಳೆಯ ಲ್ಯಾಪ್‌ಟಾಪ್ ಕೆಟ್ಟಿತ್ತು, ವಾರಂಟಿ ಇನ್ನೂ ಇತ್ತು. ದೂರು ಕೊಟ್ಟೆ. ಮಂಗಳವಾರ ಬೆಳಿಗ್ಗೆ 11ಕ್ಕೆ, ನಾನು ಆಫೀಸಿನಲ್ಲಿದ್ದಾಗ, ಉತ್ತರ ಬಂತು: ಅಡಿಭಾಗದ ಸೀರಿಯಲ್ ನಂಬರಿನ ಫೋಟೊ ಮತ್ತು ಬಿಲ್ಲಿನ ಪ್ರತಿ 10 ದಿನದೊಳಗೆ ಕಳಿಸಿ. ಲ್ಯಾಪ್‌ಟಾಪ್, ಬಿಲ್ಲು ಎರಡೂ ಮನೆಯ ಬೀರುವಿನಲ್ಲಿದ್ದವು. ಈಗ ಆಗಲ್ಲ ಅಂತ ಜಿಮೇಲ್‌ನಲ್ಲಿ ಗಡಿಯಾರದ ಚಿತ್ರ ಒತ್ತಿ Tomorrow ಆರಿಸಿದೆ. ಅದು ಮರುದಿನ ಬೆಳಿಗ್ಗೆ 8ಕ್ಕೆ ತಂದುಕೊಡುತ್ತದೆ.

8 ಗಂಟೆಗೆ ನಾನು ಎಲ್ಲಿರುತ್ತೇನೆ? ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬೀಗದ ಕೈ, ಬಾಗಿಲ ಹತ್ತಿರ. ಮೇಲ್ ನೋಡಿದೆ, ಮತ್ತೆ Tomorrow. ಮರುದಿನವೂ ಅದೇ. ಇಲ್ಲಿ ನಾನು ಮರೆತಿರಲಿಲ್ಲ, ಗಮನಿಸಿ. ಪ್ರತಿದಿನ ನೆನಪಾಗುತ್ತಿತ್ತು. ಆದರೆ ನೆನಪಾದ ಆ ಹೊತ್ತಿನಲ್ಲಿ ಬೀರು ತೆರೆಯುವ ಸಮಯ ಇರುತ್ತಿರಲಿಲ್ಲ. ರಾತ್ರಿ ಬೀರುವಿನ ಎದುರೇ ಆರಾಮಾಗಿ ಕೂತಿದ್ದಾಗ ಆ ಮೇಲ್ ಕಣ್ಣಿಗೆ ಕಾಣದೆ ಅಡಗಿರುತ್ತಿತ್ತು. ಅಡಗಿಸಿದ್ದು ನಾನೇ ಅಲ್ವಾ! ನಾಲ್ಕನೇ ದಿನದಿಂದ ಓದುವುದನ್ನೂ ಬಿಟ್ಟೆ. ಸಬ್ಜೆಕ್ಟ್ ಕಂಡ ತಕ್ಷಣ ಬೆರಳು ತಾನೇ ಗಡಿಯಾರದ ಕಡೆ ಹೋಗುತ್ತಿತ್ತು. ಹನ್ನೊಂದನೇ ದಿನ ದೂರನ್ನು ಮುಚ್ಚಿದ್ದೇವೆ ಅಂತ ಬಂತು. ಹೊಸದಾಗಿ ದೂರು ಕೊಡೋಣ ಅಂದರೆ ಅಷ್ಟರಲ್ಲಿ ವಾರಂಟಿಯೇ ಮುಗಿದಿತ್ತು. ರಿಪೇರಿ ಪೂರ್ತಿ ನನ್ನ ದುಡ್ಡಿನಲ್ಲೇ ಆಯಿತು.

ಅವತ್ತು ಮಂಗಳವಾರ Pick date & time ಒತ್ತಿ ಅದೇ ರಾತ್ರಿ 8:30 ಹಾಕಿದ್ದರೆ ಐದು ನಿಮಿಷದ ಕೆಲಸ. ಸ್ನೂಜ್ ಮಾಡುವಾಗ "ಯಾವಾಗ ನೆನಪಿಸಲಿ" ಅಂತ ಯೋಚಿಸಬೇಡಿ. "ಇದನ್ನು ಮುಗಿಸಲು ಏನು ಬೇಕು, ಅದು ನನ್ನ ಕೈಗೆ ಯಾವಾಗ ಸಿಗುತ್ತದೆ" ಅಂತ ಕೇಳಿಕೊಳ್ಳಿ. ಬೇಕಾದದ್ದು ಒಂದು ವಸ್ತು ಇರಬಹುದು, ಒಂದು ಮಾಹಿತಿ ಇರಬಹುದು, ಒಬ್ಬ ವ್ಯಕ್ತಿ ಇರಬಹುದು. ಸಹೋದ್ಯೋಗಿ 14ರವರೆಗೆ ರಜೆಯಲ್ಲಿದ್ದಾರೆ ಅಂದುಕೊಳ್ಳಿ. ಅವರನ್ನು ಕೇಳಬೇಕಾದ ಮೇಲ್ ನನಗೆ 15ರ ಮಧ್ಯಾಹ್ನ ಬರಬೇಕು. ಬೆಳಿಗ್ಗೆ ಬೇಡ, ಆಗ ಅವರು ತಮ್ಮ ರಾಶಿ ಮೇಲ್‌ಗಳಲ್ಲೇ ಮುಳುಗಿರುತ್ತಾರೆ.

ಕೊನೆಯ ದಿನಾಂಕ ಇರುವ ಮೇಲ್‌ಗೆ ಸ್ನೂಜ್ ಒಂದನ್ನೇ ನಂಬಬೇಡಿ. ವಾಪಸ್ ಬಂದ ಮೇಲ್ ಇನ್‌ಬಾಕ್ಸಿನ ತುದಿಯಲ್ಲಿ ಕೂರುತ್ತದೆ ನಿಜ, ಆದರೆ ಒಂದು ಗಂಟೆಯಲ್ಲಿ ಹೊಸ ಮೇಲ್‌ಗಳು ಅದನ್ನು ಕೆಳಗೆ ತಳ್ಳಿಬಿಡುತ್ತವೆ. ಅಂಥದ್ದಕ್ಕೆ ಕ್ಯಾಲೆಂಡರಿನಲ್ಲಿ ಎರಡು ದಿನ ಮುಂಚೆ ಅರ್ಧ ಗಂಟೆ ಮೀಸಲಿಡಿ. ಅಲ್ಲಿ "ವಾರಂಟಿ" ಅಂತ ಮಾತ್ರ ಬರೆಯಬೇಡಿ, "ಸೀರಿಯಲ್ ನಂಬರಿನ ಫೋಟೊ ತೆಗೆದು ಕಳಿಸು" ಅಂತ ಬರೆಯಿರಿ. ಸುಮ್ನೆ ವಿಷಯ ನೋಡಿದರೆ ಏನು ಮಾಡಬೇಕಿತ್ತು ಅಂತ ಮತ್ತೆ ಓದಬೇಕಾಗುತ್ತದೆ, ಓದುವಾಗಲೇ ಮುಂದೂಡುವ ಮನಸ್ಸಾಗುತ್ತದೆ.

ಅಂದ ಹಾಗೆ, ಸ್ನೂಜ್ ಮಾಡಿದ ಮೇಲ್‌ಗೆ ಯಾರಾದರೂ ಉತ್ತರ ಕೊಟ್ಟರೆ ಜಿಮೇಲ್ ಅದನ್ನು ಸಮಯಕ್ಕೆ ಮುಂಚೆಯೇ ಇನ್‌ಬಾಕ್ಸಿಗೆ ತರುತ್ತದೆ. ಆಗ ನೀವು ಹಾಕಿದ್ದ ಸಮಯ ಹೋಗಿಬಿಡುತ್ತದೆ. ಕೆಲಸ ಇನ್ನೂ ಬಾಕಿ ಇದ್ದರೆ ಮತ್ತೆ ಹಾಕಬೇಕು.

ಒಂದು ಮೇಲ್ ಮೂರನೇ ಸಲ ಸ್ನೂಜ್ ಆದರೆ ಅಲ್ಲಿರುವುದು ಸಮಯದ ಸಮಸ್ಯೆಯಲ್ಲ. ಒಂದೋ "ಆಗಲ್ಲ" ಅಂತ ಉತ್ತರ ಬರೆಯಲು ನಿಮಗೆ ಸಂಕೋಚ, ಇಲ್ಲವೇ ಮೊದಲ ಹೆಜ್ಜೆ ಏನು ಅಂತ ಗೊತ್ತಿಲ್ಲ. ನಾನು ಆಗ ನಾಲ್ಕನೇ ಸಲ ಒತ್ತುವುದಿಲ್ಲ. ಎರಡು ಸಾಲಿನ ಉತ್ತರ ಬರೆದು ಕಳಿಸುತ್ತೇನೆ, ಅಥವಾ ಆರ್ಕೈವ್ ಮಾಡುತ್ತೇನೆ.

ಇವತ್ತು ರಾತ್ರಿ ಹುಡುಕುವ ಜಾಗದಲ್ಲಿ ಇದನ್ನು ಟೈಪ್ ಮಾಡಿ:

```
in:snoozed
```

ಬೆಳಿಗ್ಗೆ 8ಕ್ಕೆ ಬರುವಂತೆ ಇಟ್ಟಿರುವ ಪ್ರತಿಯೊಂದನ್ನೂ ತೆರೆದು, ಅದಕ್ಕೆ ಏನು ಬೇಕು ನೋಡಿ, ಸಮಯ ಬದಲಿಸಿ. ನನಗೆ ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಿತು, ಅರ್ಧಕ್ಕಿಂತ ಜಾಸ್ತಿ ಮೇಲ್‌ಗಳನ್ನು ಅಲ್ಲೇ ಮುಗಿಸಿದೆ.