ಪದ ಮರೆತಾಗ ಹಿಡಿಯಬೇಕಾದ ಎಳೆ: ‘...ತಾರಲ್ಲ, ಅದು’

ಪ್ರಶ್ನೆ: ಕಲಬುರಗಿಗೆ ಬಂದು ಕನ್ನಡ ಕಲಿತೆ. ಮಾತಿನ ನಡುವೆ ಪದ ಮರೆತರೆ ನಿಂತುಬಿಡ್ತೀನಿ, ಇಲ್ಲ ಹಿಂದಿಗೆ ಹೊರಳ್ತೀನಿ. ಏನು ಮಾಡಲಿ?

ಉತ್ತರ: ಮರೆತ ವಸ್ತುವಿನ ಕೆಲಸ ಹೇಳಿ, ಕೊನೆಗೆ ‘ಅಲ್ಲ, ಅದು’ ಸೇರಿಸಿ. ಭಾಂಡೆ ಅಂಗಡಿಯಲ್ಲಿ ‘ಸಾಣಗಿ’ ಅನ್ನೋ ಪದ ನೆನಪಾಗಲಿಲ್ಲ ಅಂತಿಟ್ಟುಕೊಳ್ಳಿ. “ಅಣ್ಣಾ, ಜ್ವಾಳದ ಹಿಟ್ಟು ಹಾಕಿ ಅಲ್ಲಾಡಿಸ್ತಾರಲ್ಲ, ಅದು ಬೇಕ್ರಿ” ಅನ್ನಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ವಿವರಣೆಗೆ ನಡುವೆ ಜಾಗ ಸಿಗುತ್ತದೆ. ವಿಭಕ್ತಿ ಪ್ರತ್ಯಯವನ್ನೂ ‘ಅದು’ ಹೊರುತ್ತದೆ: ಅದರಾಗ, ಅದಕ್ಕ, ಅದರಿಂದ. ಹೀಗಾಗಿ ಶುರು ಮಾಡಿದ ವಾಕ್ಯ ಮುರಿಯುವುದಿಲ್ಲ.

ಹೆಚ್ಚಿನವರು ಎಡವುವುದು ವಿವರಣೆ ಆರಿಸುವಲ್ಲಿ. “ತೂತು ತೂತು ಇರ್ತದ” ಅಂದರೆ ಜಾರಿ ಸೌಟು ಕೊಡಬಹುದು; “ಸೋಸೋದು” ಅಂದರೆ ಚಹಾ ಸೋಸುವ ಜಾಳಗಿ ಬರುತ್ತದೆ. ರೂಪ ಹಲವು ಸಾಮಾನಿಗೆ ಒಂದೇ ಇರುತ್ತದೆ; ಬರೀ ‘ಸೋಸೋದು’ ಅಂದರೆ ಏನನ್ನು ಅಂತ ತಿಳಿಯುವುದಿಲ್ಲ. ಅದಕ್ಕೇ ಮೊದಲು ಏನನ್ನು ಹಾಕಿ ಏನು ಮಾಡ್ತಾರೆ ಅಂತ ಕೆಲಸವನ್ನು ಪೂರ್ತಿ ಹೇಳಿ, ಅನುಮಾನ ಉಳಿದರೆ ಮಾತ್ರ ಅಕ್ಕಪಕ್ಕದ ವಸ್ತುವಿನಿಂದ ಬೇರೆ ಮಾಡುವ ಒಂದು ಗುರುತು: “ಹಿಟ್ಟು ಕೆಳಗ ಬೀಳ್ತದ, ತೌಡು ಮ್ಯಾಲ ಉಳೀತದ.” ಮೂರನೇ ವಿವರಕ್ಕೆ ಹೋದರೆ ಕೇಳುವವರು ಗೊಂದಲಕ್ಕೆ ಬೀಳುತ್ತಾರೆ.

ಅಂಗಡಿಯವರು “ಸಾಣಗಿ ಏನ್ರಿ?” ಅಂದ ಕೂಡಲೇ ಬರೀ ‘ಹೂಂ’ ಅನ್ನಬೇಡಿ. “ಹೌದ್ರಿ, ಸಣ್ಣ ಸಾಣಗಿ ಕೊಡ್ರಿ” ಅಂತ ಆ ಪದವನ್ನು ನಿಮ್ಮ ವಾಕ್ಯದಲ್ಲಿ ಕೂಡಿಸಿ ಹೇಳಿ. ಪದ ನಿಮ್ಮದಾಗುವುದು ಆ ಗಳಿಗೆಯಲ್ಲೇ.

ಔಷಧದ ಹೆಸರು ಮರೆತಾಗ ಮಾತ್ರ ಹೀಗೆ ಮಾಡಬೇಡಿ, ಚೀಟಿ ತೋರಿಸಿ.